ಮೂರು ಸನ್ನೆ, ಒಂದು ಲೆಕ್ಕ

ಕ್ರಿಕೆಟ್ ಅಂಪೈರ್ ಕೈ ಎತ್ತುವುದು, ಕಾಲು ಮುಟ್ಟುವುದು, ತೋಳು ಚಾಚುವುದು ಯಾರಿಗಾಗಿ? ನಮ್ಮ ಸನ್ನತಿಯ ಏಳನೆಯ ತರಗತಿಯ ಮಕ್ಕಳನ್ನು ಕೇಳಿದೆ. "ಆಡೋರಿಗಿ", "ನೋಡೋರಿಗಿ", "ಟೀವ್ಯಾಗ ಕಾಣ್ಲಿ ಅಂತ" ಎಂದರು. ಹೆಚ್ಚಿನ ಸನ್ನೆಗಳು ಮೈದಾನದ ಅಂಚಿನಲ್ಲಿ ಪುಸ್ತಕ ಹಿಡಿದು ಕೂತ ಸ್ಕೋರರ್‌ಗಾಗಿ ಎಂದಾಗ ಯಾರೂ ನಂಬಲಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೌಂಟರಿನಲ್ಲಿ ಬರೆದ ವೋಚರ್ ಲೆಡ್ಜರಿಗೆ ಏರದಿದ್ದರೆ ಸಂಜೆ ಲೆಕ್ಕ ಕೂಡುವುದಿಲ್ಲ. ಹತ್ತು ಪೈಸೆ ವ್ಯತ್ಯಾಸಕ್ಕೂ ರಾತ್ರಿಯವರೆಗೆ ಹುಡುಕಬೇಕು. ಅಂಪೈರ್ ಸನ್ನೆಯೂ ಒಂದು ವೋಚರೇ. ಸ್ಕೋರರ್ ಅದನ್ನು ನೋಡಿ, ತಾನೂ ಕೈ ಎತ್ತಿ "ಕಂಡೆ" ಎಂದು ತೋರಿಸಬೇಕು. ಅಲ್ಲಿಯವರೆಗೆ ಅಂಪೈರ್ ಆಟ ಮುಂದುವರಿಸಬಾರದು. ಇದು ನಿಯಮ ಪುಸ್ತಕದಲ್ಲೇ ಇರುವ ಮಾತು.

ಶಾಲೆಯ ಮೇಷ್ಟ್ರು ಶನಿವಾರ ಪಾಠ ಮುಗಿದ ಮೇಲೆ ಮಕ್ಕಳಿಗೆ ನಿಯಮ ಹೇಳಿಕೊಡಿ ಎಂದಿದ್ದರು. ಕಪ್ಪು ಹಲಗೆಯ ಮೇಲೆ ಹೇಳಿದರೆ ಕ್ರಿಕೆಟ್ ಬರುವುದಿಲ್ಲ, ಪಂದ್ಯವನ್ನೇ ಆಡಿಸಿದೆ. ತರಗತಿಯಲ್ಲಿ ಹದಿನೆಂಟು ಮಕ್ಕಳು. ಎಂಟೆಂಟರ ಎರಡು ತಂಡ, ಪ್ರತಿ ತಂಡಕ್ಕೊಬ್ಬ ಸ್ಕೋರರ್, ತಲಾ ನಾಲ್ಕು ಓವರ್, ಟೆನಿಸ್ ಚೆಂಡು. ಬ್ಯಾಟಿಂಗ್ ತಂಡದಲ್ಲಿ ಸರದಿಗೆ ಕಾಯುವ ಇಬ್ಬರೇ ಅಂಪೈರ್‌ಗಳು. ಓವರ್ ಮುಗಿದ ಮೇಲೆ ಬೇರೆ ಇಬ್ಬರು. ಹಳ್ಳಿಯ ಆಟದಲ್ಲಿ ಎಲ್ಲ ಕಡೆಯೂ ಹೀಗೆಯೇ. ತಮ್ಮ ತಂಡಕ್ಕೇ ತೀರ್ಪು ಕೊಡುವ ಕಷ್ಟ ಇದರಲ್ಲಿದೆ, ಅದನ್ನೂ ಮಕ್ಕಳು ಕಾಣಲಿ ಎಂದು ಹಾಗೇ ಬಿಟ್ಟೆ.

ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆವು. ಸ್ಟಂಪಿನಿಂದ ನಾಲ್ಕು ಅಡಿ ಮುಂದಿನ ಗೆರೆಯೇ ಮುಖ್ಯ. ಅದು ಬ್ಯಾಟುಗಾರನದೂ ಅಲ್ಲ, ಬೌಲರನದೂ ಅಲ್ಲ. ಬ್ಯಾಟು ಗೆರೆಯ ಮೇಲಿದ್ದರೆ ಸಾಲದು, ದಾಟಿ ಒಳಗಿನ ನೆಲ ಮುಟ್ಟಬೇಕು. ಬೌಲರನ ಮುಂದಿನ ಕಾಲು ಊರಿದಾಗ ಅದರ ಸ್ವಲ್ಪ ಭಾಗವಾದರೂ ಗೆರೆಯ ಹಿಂದಿರಬೇಕು. ಹಿಮ್ಮಡಿ ಗೆರೆಯ ಮೇಲೆ ಬಿದ್ದರೂ ನೋಬಾಲ್. ನಮ್ಮ ಕರಿ ಮಣ್ಣಿನ ಮೇಲೆ ಬಿಳಿ ಸುಣ್ಣ ಹಾಕಿದ್ದರಿಂದ ಒಂದು ಅನುಕೂಲವಾಯಿತು: ಕಾಲಾಗಲಿ ಬ್ಯಾಟಾಗಲಿ ಎಳೆದುಹೋದರೆ ಗುರುತು ಉಳಿಯುತ್ತದೆ.

ಆಟಕ್ಕೆ ಮುಂಚೆ ಕಲಿಸಿದ್ದು ಕೆಲವೇ ಸನ್ನೆ. ನೋಬಾಲಿಗೆ ಒಂದು ತೋಳನ್ನು ಪಕ್ಕಕ್ಕೆ ನೇರ ಚಾಚುವುದು. ವೈಡಿಗೆ ಎರಡೂ ತೋಳು. ಚೆಂಡು ಬ್ಯಾಟಿಗೂ ಮೈಗೂ ತಾಗದೆ ಹೋದಾಗ ಓಡಿದ ರನ್ ಬೈ. ಅದಕ್ಕೆ ಬಿಚ್ಚಿದ ಅಂಗೈಯನ್ನು ತಲೆಯ ಮೇಲೆ ಎತ್ತುವುದು. ಮೈಗೆ ತಾಗಿ ಹೋದದ್ದು ಲೆಗ್‌ಬೈ. ಮೊಣಕಾಲು ಎತ್ತಿ ಕೈಯಿಂದ ಮುಟ್ಟುವುದು. ಓಡುವಾಗ ಗೆರೆ ಮುಟ್ಟದೆ ತಿರುಗಿದರೆ ಶಾರ್ಟ್ ರನ್. ತೋಳು ಮಡಚಿ ಬೆರಳ ತುದಿಯಿಂದ ಅದೇ ಕಡೆಯ ಭುಜ ಮುಟ್ಟುವುದು. ಔಟಿಗೆ ಬೆರಳು ಎತ್ತುವುದನ್ನು ಕಲಿಸಬೇಕಾಗಲಿಲ್ಲ, ಅದು ಹುಟ್ಟುತ್ತಲೇ ಬಂದಿತ್ತು!

ವೈಡ್ ಹೇಳುವಾಗ ಒಬ್ಬ ಹುಡುಗ, "ಮುತ್ಯಾ, ನಮ್ಮ ಕರ್ನಾಟಕದೋರು ಅಂಪೈರ್ ಆಗ್ಯಾರೇನು?" ಎಂದ. ಆಗಿದ್ದಾರಪ್ಪ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಅನಿಲ್ ಕುಂಬ್ಳೆ ಒಬ್ಬರೇ ಕಿತ್ತ ಟೆಸ್ಟಿನಲ್ಲಿ ಇದ್ದ ಇಬ್ಬರು ಅಂಪೈರ್‌ಗಳಲ್ಲಿ ಒಬ್ಬರು ನಮ್ಮ ಎ. ವಿ. ಜಯಪ್ರಕಾಶ್. ಒಂಬತ್ತು ವಿಕೆಟ್ ಆದ ಮೇಲೆ ಜಾವಗಲ್ ಶ್ರೀನಾಥ್ ತಮಗೆ ವಿಕೆಟ್ ಬಿದ್ದೀತೆಂದು ಬೇಕೆಂದೇ ಸ್ಟಂಪಿನಿಂದ ದೂರ ದೂರ ಎಸೆದರು. ಕೇಳಿ ಮಕ್ಕಳು ನಕ್ಕರು. ವೈಡ್ ನೆನಪಿರಲು ಅಷ್ಟು ಸಾಕಾಯಿತು.

ಮೊದಲು ಆಡಿದ ತಂಡ 31 ರನ್ ಮಾಡಿತು. ಎರಡನೆಯ ತಂಡ 29ಕ್ಕೆ ಬಂದಾಗ ಉಳಿದದ್ದು ಒಂದೇ ಚೆಂಡು. ಗೆಲ್ಲಲು ಮೂರು ಬೇಕು. ಬೌಲರ್ ಓಡಿಬಂದ, ಹಿಮ್ಮಡಿ ಗೆರೆ ದಾಟಿತು. ಅಂಪೈರ್ ಆಗಿದ್ದ ಹುಡುಗಿ ತೋಳು ಚಾಚಿ "ನೋಬಾಲ್" ಎಂದು ಕೂಗಿದಳು. ಬ್ಯಾಟುಗಾರ ಬೀಸಿದ, ತಾಗಲಿಲ್ಲ. ಚೆಂಡು ಕೀಪರನ ಕಾಲ ಸಂದಿಯಿಂದ ಜಾರಿ ಹಿಂದಕ್ಕೆ ಹೋಯಿತು. ಇಬ್ಬರೂ ಎರಡು ಸಲ ಓಡಿದರು. ನೋಬಾಲಿಗೆ ಒಂದು, ಓಟಕ್ಕೆ ಎರಡು, ಒಟ್ಟು 32! ಗೆದ್ದೆವೆಂದು ಅರ್ಧ ತರಗತಿ ಕುಣಿಯಿತು.

ಆದರೆ ಲೆಗ್ ಕಡೆ, ಗೆರೆಯ ನೇರಕ್ಕೆ ನಿಂತ ಎರಡನೆಯ ಅಂಪೈರ್ ಹುಡುಗ ಭುಜ ಮುಟ್ಟಿಕೊಂಡು ನಿಂತಿದ್ದ. ಬೌಲರ್ ಕಡೆಯಿಂದ ಓಡಿಬಂದ ಅವರ ನಾಯಕ ಈ ತುದಿಯಲ್ಲಿ ಗೆರೆ ಮುಟ್ಟದೆ ತಿರುಗಿದ್ದ.

"ಏ, ನೀ ನಮ್ಮ ಕಡೀವನು ಅಲ್ಲೇನು? ನಾ ಗೆರಿ ಮುಟ್ಟೀನಿ" ಎಂದ ನಾಯಕ.

"ಇಲ್ಲ. ಬ್ಯಾಟ್ ಮ್ಯಾಲೇ ಇತ್ತು" ಎಂದ ಹುಡುಗ. ಧ್ವನಿ ನಡುಗುತ್ತಿತ್ತು, ಕೈ ಮಾತ್ರ ಭುಜದಿಂದ ಕೆಳಗಿಳಿಯಲಿಲ್ಲ. ನಾನು ಬಾಯಿ ಹಾಕಲಿಲ್ಲ. ತೀರ್ಪು ಅವನದು. ಆಟ ಮುಗಿದ ಮೇಲೆ ಹೋಗಿ ನೋಡಿದೆ, ಅಲ್ಲಿ ಸುಣ್ಣ ಕದಲಿರಲಿಲ್ಲ.

ಅಷ್ಟರಲ್ಲಿ ಮುಖ್ಯ ಅಂಪೈರ್ ಹುಡುಗಿ ಗಾಬರಿಯಲ್ಲಿ ತೋಳು, ಅಂಗೈ, ಭುಜ ಮೂರನ್ನೂ ಒಂದೇ ಉಸಿರಿಗೆ ಕೋಲಾಟದಂತೆ ಮಾಡಿ ಮುಗಿಸಿದ್ದಳು. ಒಬ್ಬ ಸ್ಕೋರರ್ 32 ಬರೆದ. ಇನ್ನೊಬ್ಬಳು ಶಾರ್ಟ್ ರನ್ ಎಂದರೆ ಓಡಿದ್ದೆಲ್ಲ ಹೋಯಿತೆಂದು 30 ಬರೆದಳು. ಒಂದೇ ಚೆಂಡು, ಎರಡು ಲೆಕ್ಕ.

ನಾನು ಹೇಳಿದ್ದು ಇಷ್ಟೇ: "ತಾಯಿ, ಒಂದೊಂದೇ ಮಾಡು. ಅವರು ಕೈ ಎತ್ತೋ ತನಕ ಎರಡನೇದು ಮಾಡಬ್ಯಾಡ."

ಹುಡುಗಿ ತೋಳು ಚಾಚಿದಳು. ನೋಬಾಲ್. ಸ್ಕೋರರ್‌ಗಳು ಕೈ ಎತ್ತಿದರು, ಒಂದು ರನ್. ಅಂಗೈ ಎತ್ತಿದಳು. ಬೈ. ಅವರೂ ಕೈ ಎತ್ತಿದರು. ಭುಜ ಮುಟ್ಟಿದಳು. ಓಡಿದ ಎರಡರಲ್ಲಿ ಒಂದು ಹೋಯಿತು, ಒಂದು ಉಳಿಯಿತು. ಮತ್ತೆ ಕೈ ಎತ್ತಿದರು. ನೋಬಾಲಿನದು ಒಂದು, ಬೈ ಒಂದು. ಎರಡೂ ಪುಸ್ತಕದಲ್ಲಿ 31. ಪಂದ್ಯ ಸಮ. ನೋಬಾಲ್ ಓವರಿನ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಇನ್ನೂ ಒಂದು ಚೆಂಡು ಬಾಕಿ.

"ಫ್ರೀ ಹಿಟ್! ಫ್ರೀ ಹಿಟ್!" ಎಂದು ಕೂಗೆದ್ದಿತು. ಕ್ರಿಕೆಟ್ಟಿನ ಮೂಲ ನಿಯಮಗಳಲ್ಲಿ ಫ್ರೀ ಹಿಟ್ ಇಲ್ಲ. ಅದು ಏಕದಿನ ಮತ್ತು ಟಿ20 ಪಂದ್ಯಗಳಿಗೆಂದು ಸೇರಿಸಿಕೊಂಡ ಷರತ್ತು. ನಮ್ಮಲ್ಲಿ ಬೇಡವೆಂದು ಆಟಕ್ಕೆ ಮುಂಚೆಯೇ ಇಬ್ಬರೂ ನಾಯಕರು ಒಪ್ಪಿದ್ದರು. ಕೊನೆಯ ಚೆಂಡು ಬ್ಯಾಟಿಗೆ ತಾಗಿ ಬೌಲರನ ಕೈಗೇ ಉರುಳಿಬಂತು. ರನ್ ಇಲ್ಲ. 31ಕ್ಕೆ 31.

ಆಮೇಲೆ ಬೇವಿನ ಮರದ ಕೆಳಗೆ ಕೂತು ಲೆಕ್ಕ ತಾಳೆ ನೋಡಿದೆವು. ನನಗೆ ಪಂದ್ಯಕ್ಕಿಂತ ಇದೇ ಹೆಚ್ಚು ರುಚಿ. ಎರಡನೆಯ ತಂಡದ ಬ್ಯಾಟುಗಾರರು ಹೊಡೆದದ್ದು 22, ವೈಡ್ 4, ನೋಬಾಲ್ 2, ಬೈ 2, ಲೆಗ್‌ಬೈ 1. ಕೂಡಿದರೆ 31. ಈಗ ಬೌಲರ್‌ಗಳ ಕಡೆಯಿಂದ ಬನ್ನಿ. ಹೊಡೆದ ರನ್, ವೈಡ್, ನೋಬಾಲ್ ಬೌಲರನ ಖಾತೆಗೆ ಬರುತ್ತವೆ. ಬೈ, ಲೆಗ್‌ಬೈ ಬರುವುದಿಲ್ಲ. ಆದ್ದರಿಂದ ಬೌಲರ್‌ಗಳ ಹೆಸರಿಗೆ 28. ಅದಕ್ಕೆ ಬೈ, ಲೆಗ್‌ಬೈ ಮೂರು ಸೇರಿಸಿದರೆ ಮತ್ತೆ 31. ಎರಡು ದಾರಿಯಿಂದ ಬಂದರೂ ಒಂದೇ ಮೊತ್ತ ಬಂದರೆ ಪುಸ್ತಕ ಸರಿ. ಬರದಿದ್ದರೆ ಎಲ್ಲೋ ಒಂದು ಸನ್ನೆ ತಪ್ಪಿದೆ ಎಂದೇ ಅರ್ಥ.

ನಾಯಕ ಮುಖ ಊದಿಸಿಕೊಂಡೇ ಬಂದು ಪುಸ್ತಕಕ್ಕೆ ಬಗ್ಗಿದ. ಕೊನೆಯ ಓವರಿನ ಸಾಲಿನ ಮೇಲೆ ಬೆರಳಿಟ್ಟು, "ಇದರಾಗ ನಾ ಓಡಿದ್ದು ಯಾರ ಹೆಸರಿಗಿ?" ಎಂದ.

"ಯಾರ ಹೆಸರಿಗೂ ಅಲ್ಲ. ಅದು ಬೈ" ಎಂದಳು ಸ್ಕೋರರ್ ಹುಡುಗಿ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಲೆಗ್ ಅಂಪೈರ್ ಹುಡುಗನ ಕಡೆ ತಿರುಗಿ, "ಮುಂದಿನ ಶನಿವಾರ ಗೆರಿ ಸ್ವಲ್ಪ ದಪ್ಪ ಹಾಕು, ಕಾಣಂಗಿಲ್ಲ" ಎಂದ.

ಸುಣ್ಣದ ಪುಡಿ ಅರ್ಧ ಡಬ್ಬಿ ಉಳಿದಿದೆ. ಮುಂದಿನ ವಾರ ಎಲ್‌ಬಿಡಬ್ಲ್ಯು.