ನಿಂತ ಗಾಡಿಗೆ ಗುದ್ದ್ಯಾರ: ನಮ್ಮ ಇನ್ಶೂರೆನ್ಸಾ, ಅವರದಾ?

ಗಾಡಿಗೆ ಗುದ್ದು ಬಿದ್ದದ್ದು ಹಿಪ್ಪರಗಾ ತನಕ ಸುದ್ದಿ ಆಗ್ಯದ. ನಮ್ಮ ವೈನಿ, ಸಣ್ಣಕ್ಕ, ಎದುರುಮನಿ ಕಾಕು, ಎಲ್ಲಾರೂ ಫೋನ್ ಮಾಡಿ ಒಂದೇ ಮಾತು ಕೇಳಿದ್ರು: "ಗುದ್ದಿದವ್ರದು ಇನ್ಶೂರೆನ್ಸ್ ಅದ ಅಲ್ಲಾ, ಅವರ ಕಂಪನಿ ಕೊಡ್ತದ ಬಿಡು, ನೀ ಯಾಕ ತಲಿ ಕೆಡಿಸ್ಕೋತಿ?" ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ಒಣಗ್ಯದ. ಅದಕ್ಕ ಇಲ್ಲೇ ಒಮ್ಮೆ ಪೂರಾ ಬರೀಲಕತ್ತೀನಿ. ನಿಮ್ಮ ಮಕ್ಕಳೂ ಈಗ ಕಲಬುರಗಿ, ಸೊಲ್ಲಾಪುರ, ಪುಣೆ ಅಂತ ಅಪಾರ್ಟ್‌ಮೆಂಟಿನಾಗೇ ಅದಾರ. ಅಲ್ಲಿ ಪಾರ್ಕಿಂಗ್ ಅಂದ್ರ ಕಂಬ, ಗೋಡಿ, ಗಾಡಿ ಎಲ್ಲಾ ಒತ್ತೊತ್ತಿ.

ಆಗಿದ್ದು ಇಷ್ಟು. ನಮ್ಮ ಗಾಡಿ ಕೆಳಗ ನಮ್ಮ ಜಾಗದಾಗೇ ನಿಂತಿತ್ತು. ಮೂರನೇ ಮಾಳಗಿ ಹುಡುಗ ತನ್ನ ದೊಡ್ಡ ಗಾಡಿ ರಿವರ್ಸ್ ತಗೋವಾಗ ನಮ್ಮ ಗಾಡಿ ಎಡಗಡೆ ಹಿಂದಿನ ಮೂಲಿಗೆ ಗುದ್ದ್ಯಾನ. ಹಿಂದಿನ ಬಾಗಿಲು ಒಳಗ ಹೋಗಿ, ಅದರ ಹಿಂದಿನ ತಗಡು ಚಪ್ಪಟಿ ಆಗಿ, ಬಂಪರ್ ಸೀಳಿತ್ತು. ಹುಡುಗ ಒಳ್ಳೆವ, ಓಡಿ ಹೋಗಲಿಲ್ಲ. ಮ್ಯಾಲೆ ಬಂದು ಬೆಲ್ ಒತ್ತಿ "ಆಂಟಿ, ನನ್ನಿಂದ ಆಗ್ಯದ, ನಂದು ಫುಲ್ ಇನ್ಶೂರೆನ್ಸ್ ಅದ, ಅದರಾಗ ಮಾಡಿಸ್ಕೊಳ್ರಿ" ಅಂದ. ನಮ್ಮ ಯಜಮಾನ್ರು "ಆತು ಬಿಡಪ್ಪಾ" ಅಂದು ಒಳಗ ಬಂದ್ರು. ನಾ ಚಪ್ಪಲಿ ಹಾಕ್ಕೊಂಡು ಕೆಳಗ ಹೋದೆ. ಎರಡೂ ಗಾಡಿ ಅಲ್ಲಾಡಿಸೋಕಿಂತ ಮೊದಲು, ನಂಬರ್ ಪ್ಲೇಟ್ ಕಾಣೋ ಹಂಗ ನಾಕು ದಿಕ್ಕಿನಿಂದ ಫೋಟೋ ತಗೊಂಡೆ. ವಾಚ್‌ಮನ್‌ಗೆ ಹೇಳಿ ಕ್ಯಾಮೆರಾದ ವಿಡಿಯೋನೂ ಅದೇ ದಿನ ಮೊಬೈಲಿಗೆ ತರಿಸ್ಕೊಂಡೆ, ಯಾಕಂದ್ರ ಆ ಡಬ್ಬಿ ಕೆಲವೇ ದಿನಕ್ಕ ಹಳೇದರ ಮ್ಯಾಲೆ ಹೊಸದು ಬರಕೋತದ. ಹುಡುಗನ ಗಾಡಿ ನಂಬರ್ mParivahan ಒಳಗ ಹಾಕಿದ್ರ ಇನ್ಶೂರೆನ್ಸ್ ಯಾವ ಕಂಪನಿದು, ಯಾವಾಗ ತನಕ ಅದ ಅಂತ ಕಾಣ್ತದ. ಅದನ್ನೂ ನೋಡಿದೆ. ಅವ ಹೇಳಿದ್ದು ಖರೇನೇ ಇತ್ತು.

ಈಗ ಮುಖ್ಯ ಮಾತಿಗೆ ಬರ್ತೀನಿ. ಅವನ ಫುಲ್ ಇನ್ಶೂರೆನ್ಸಿನಾಗ ಎರಡು ಪಾಲು ಇರ್ತಾವ. ಒಂದು ಅವನ ಗಾಡಿ ರಿಪೇರಿಗೆ, ಅದಕ್ಕ ಓನ್ ಡ್ಯಾಮೇಜ್ ಅಂತಾರ. ಇನ್ನೊಂದು ಅವನ ಗಾಡಿಯಿಂದ ಬ್ಯಾರೆಯವರಿಗೆ ಆದ ಹಾನಿಗೆ, ಅದು ಥರ್ಡ್ ಪಾರ್ಟಿ. ನಮ್ಮ ಗಾಡಿ ಬರೋದು ಈ ಎರಡನೇ ಪಾಲಿನಾಗ. ಕಾರಿನ ಪಾಲಿಸಿಯಾಗ ಬ್ಯಾರೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ತನಕ ಅಂತ ಬರದಿರ್ತಾರ. ಅದನ್ನ ಓದಿದ್ರ ಯಾರಿಗಾದ್ರೂ ಅನಸ್ತದ, ನಮ್ಮ ಹದಿನೈದು-ಹದಿನೇಳು ಸಾವಿರ ಏನು ಮಹಾ ಅಂತ. ಖರೇ ಅಂದ್ರ ಆ ರೊಕ್ಕಕ್ಕ ಹೋಗೋ ದಾರಿ ಬ್ಯಾರೇನೇ ಅದ. ನಮ್ಮ ಪಾಲಿಸಿ ಇದ್ದಂಗ ಗ್ಯಾರೇಜಿಗೆ ಗಾಡಿ ಒಯ್ದು, ಅವನ ಕಂಪನಿಗೆ ಬಿಲ್ ಕಳಿಸಿದ್ರ ನಡೆಯಂಗಿಲ್ಲ.

ಆಳಂದ ಕೋರ್ಟಿನಾಗ ವಕೀಲಕಿ ಮಾಡೋ ನಮ್ಮ ತಮ್ಮನಿಗೆ ಕೇಳಿದೆ. "ಅಕ್ಕಾ, ಅದಕ್ಕ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು" ಅಂದ. ಅಂದ್ರ ಕೋರ್ಟೇ. ಪೊಲೀಸ್ ಕಂಪ್ಲೇಂಟ್, ಎಫ್‌ಐಆರ್, ವಕೀಲರು, ತಾರೀಖು. ಆರು ತಿಂಗಳ ಒಳಗ ಅರ್ಜಿ ಹಾಕಬೇಕು ಅಂತ ಕಾನೂನಿನಾಗ ಸೇರಿಸ್ಯಾರ, 2022ರ ಏಪ್ರಿಲ್‌ನಿಂದ ಅದು ಜಾರಿಗೆ ಬಂದದ. ತೀರ್ಪು ಯಾವಾಗ ಬರ್ತದ ಅನ್ನೋದು ಮಾತ್ರ ಯಾರ ಕೈಯಾಗೂ ಇಲ್ಲ. ಅದರ ಮ್ಯಾಲೆ ಅಪಾರ್ಟ್‌ಮೆಂಟಿನ ತೊಡಕು ಇನ್ನೊಂದು. ಅಡ್ಡಾದಿಡ್ಡಿ ಗಾಡಿ ಹೊಡದದ್ದಕ್ಕ ಪೊಲೀಸರು ಹಾಕೋ ಕಲಂ ಸಾರ್ವಜನಿಕ ದಾರಿದು. ಇನ್ಶೂರೆನ್ಸ್ ಕಡ್ಡಾಯ ಅನ್ನೋ ಕಾನೂನೂ ಸಾರ್ವಜನಿಕ ಜಾಗದ ಮಾತೇ ಆಡ್ತದ. ಗೇಟು, ವಾಚ್‌ಮನ್ ಇದ್ದ ನಮ್ಮ ನೆಲಮಾಳಗಿ ಸಾರ್ವಜನಿಕ ಜಾಗ ಹೌದೋ ಅಲ್ಲೋ ಅಂತ ವಕೀಲರು ವಾದ ಮಾಡ್ಕೋತ ಕೂಡಬೇಕು. ಜೀವಕ್ಕ ಪೆಟ್ಟಾಗಿದ್ರ ಈ ದಾರಿ ಹಿಡೀಲೇಬೇಕು, ಅದರಾಗ ಎರಡು ಮಾತಿಲ್ಲ. ಒಂದು ಬಾಗಿಲು, ಒಂದು ಬಂಪರಿಗೆ ವಕೀಲರ ಫೀಸೇ ರಿಪೇರಿ ರೊಕ್ಕ ದಾಟ್ತದ. ಮ್ಯಾಲೆ ಲಿಫ್ಟಿನಾಗ ದಿನಾ ಎದುರು ಬರೋ ಹುಡುಗನ ಮ್ಯಾಲೆ ಎಫ್‌ಐಆರ್ ಹಾಕಿಸಿ ಮುಖ ಹೆಂಗ ನೋಡೋದು?

ಹಂಗಾದ್ರ ಉಳಿದದ್ದು ನಮ್ಮ ಪಾಲಿಸಿ. ಗುದ್ದಿದವ ಅವ, ಆದ್ರೂ ನಮ್ಮ ಓನ್ ಡ್ಯಾಮೇಜಿನಾಗ ರಿಪೇರಿ ಮಾಡಿಸ್ಕೊಳ್ಲಿಕ್ಕ ಬರ್ತದ, ತಪ್ಪು ಯಾರದು ಅಂತ ನೋಡಂಗಿಲ್ಲ. ಯಜಮಾನ್ರು "ಅದಕ್ಕೇ ಅಲ್ಲೇನು ವರ್ಷಾ ರೊಕ್ಕ ಕಟ್ಟೋದು, ಹಾಕಿಬಿಡು" ಅಂದ್ರು. ನಾ "ತಡೀರಿ, ಲೆಕ್ಕಾ ಹಾಕೋಣ" ಅಂದು, ಕಿರಾಣಿ ವಹಿ ತಗೊಂಡು ಕೂತೆ.

ಗ್ಯಾರೇಜಿನವ ಬರದು ಕೊಟ್ಟ ಅಂದಾಜು 16,800. ಹೊಸ ಬಂಪರ್ 4,200, ತಗಡು ಬಡಿಯೋ ಕೂಲಿ 3,000, ಮೂರು ಭಾಗಕ್ಕ ಬಣ್ಣ 9,600. ನಮ್ಮ ಗಾಡಿಗೆ ನಾಕು ವರ್ಷ ದಾಟ್ಯದ, ಪಾಲಿಸಿಯಾಗ ಝೀರೋ ಡೆಪ್ ಇಲ್ಲ. ಹಂಗಿದ್ದಾಗ ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ಕಂಪನಿ ಅರ್ಧಾನೇ ಕೊಡ್ತದ, ಗಾಡಿ ಹೊಸದಿದ್ರೂ ಅಷ್ಟೇ. ಬಂಪರ್ ಪ್ಲಾಸ್ಟಿಕ್‌ದು, 2,100 ಹೋತು. ಬಣ್ಣದ ಬಿಲ್ಲಿನಾಗ ಕಾಲು ಪಾಲು ಬಣ್ಣದ ಸಾಮಾನು ಅಂತ ಹಿಡದು ಅದರಾಗ ಅರ್ಧ ಮುರೀತಾರ, 1,200 ಹೋತು. ಕೂಲಿ ಪೂರಾ ಕೊಡ್ತಾರ. ಕಡೀಕ ಎಲ್ಲಾ ಕ್ಲೇಮಿಗೂ ನಾವು ಹಾಕಲೇಬೇಕಾದ ರೊಕ್ಕ ಒಂದು ಅದ, 1500 ಸಿಸಿ ತನಕದ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕ 2,000. ನಮ್ಮದು ಸಣ್ಣ ಗಾಡಿ, 1,000 ಹೋತು. ಒಟ್ಟು ಕಂಪನಿ ಕೊಡೋದು 12,500, ನಮ್ಮ ಕೈಯಿಂದ 4,300.

ಇಲ್ಲಿಗೇ ವಹಿ ಮುಚ್ಚಿದ್ರ ಕ್ಲೇಮ್ ಛಲೋ ಅನಸ್ತದ. ಖರೇ ಪೆಟ್ಟು ಇರೋದು ಮುಂದಿನ ವರ್ಷದಾಗ. ಕ್ಲೇಮ್ ಮಾಡಲಾರದವರಿಗೆ ನೋ ಕ್ಲೇಮ್ ಬೋನಸ್ ಅಂತ ರಿಯಾಯ್ತಿ ಕೊಡ್ತಾರ. ಮೊದಲನೇ ವರ್ಷಕ್ಕ ನೂರಕ್ಕ 20, ಆಮ್ಯಾಲೆ 25, 35, 45, ಐದನೇದಕ್ಕ 50. ಇದು ಓನ್ ಡ್ಯಾಮೇಜ್ ಪಾಲಿನ ಪ್ರೀಮಿಯಂ ಮ್ಯಾಲೆ ಮಾತ್ರ. ನಮ್ಮದು ಈಗ 45, ಈ ವರ್ಷ ಸುಮ್ಮನಿದ್ರ ಮುಂದಿನ ಸಲ 50. ಒಂದು ಕ್ಲೇಮ್ ಹಾಕಿದ್ರ ಒಮ್ಮೆಲೇ ಸೊನ್ನಿ, ಮತ್ತ ಕೆಳಗಿನ ಮೆಟ್ಟಲದಿಂದ ಏರಬೇಕು.

ನಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ ರಿಯಾಯ್ತಿಗಿಂತ ಮೊದಲು ಸುಮಾರು 7,000. ಮುಂದಿನ ವರ್ಷ ಅದರ ಅರ್ಧ ರಿಯಾಯ್ತಿ, 3,500, ಹೋಗ್ತದ. ಅದರ ಮುಂದಿನ ವರ್ಷ 50ರ ಬದಲಿ 20 ಸಿಗ್ತದ, 2,100 ಹೋಗ್ತದ. ಆಮ್ಯಾಲೆ 1,750, 1,050, 350. ಐದು ವರ್ಷ ಕೂಡಿಸಿದ್ರ 8,750, ಅದಕ್ಕ ನೂರಕ್ಕ 18 ಜಿಎಸ್‌ಟಿ ಸೇರಿಸಿದ್ರ ಹತ್ತು ಸಾವಿರದ ಮ್ಯಾಲೆ. ಗಾಡಿ ಹಳೇದಾದಂಗ ಪ್ರೀಮಿಯಂ ಇಳೀತದ, ನಡುವ ಇನ್ನೊಂದು ಕ್ಲೇಮ್ ಬಂದ್ರ ಲೆಕ್ಕಾನೇ ಬ್ಯಾರೆ, ಅದಕ್ಕ ಒಂದು ಎಂಟು-ಒಂಬತ್ತು ಸಾವಿರ ಅಂತ ಹಿಡಿದೆ. 12,500 ತಗೊಂಡು ಎಂಟು-ಒಂಬತ್ತು ಸಾವಿರ ವಾಪಸ್ ಕೊಡೋದು. ಉಳಿಯೋದು ನಾಕು ಸಾವಿರ ಹೆಚ್ಚು-ಕಡಿಮಿ. ಯಜಮಾನ್ರು ವಹಿ ನೋಡಿ ಸುಮ್ಮನಾದ್ರು. (ಪೆನ್ಶನ್ ಬಂದ ಮ್ಯಾಲೆ ಅವರೂ ವಹಿ ನೋಡೋದು ಕಲ್ತಾರ.) ಬೋನಸ್ ಉಳಿಸೋ ಬ್ಯಾರೆ ಆಡ್-ಆನ್ ಇರ್ತದ, ಅದು ಇದ್ದವರಿಗೆ ಈ ಲೆಕ್ಕ ಹತ್ತಂಗಿಲ್ಲ. ನಮ್ಮದರಾಗ ಅದೂ ಇಲ್ಲ.

ಆ ಹುಡುಗನ್ನ ಸಂಜಿಗೆ ಚಹಾಕ್ಕ ಕರದು ಈ ವಹೀನೇ ಮುಂದ ಇಟ್ಟೆ. "ನೋಡಪ್ಪಾ, ನಮ್ಮ ಪಾಲಿಸಿಯಾಗ ಮಾಡಿಸಿದ್ರೂ ನಮ್ಮ ಕೈಯಿಂದ ಹೋಗೋ 4,300, ಬೋನಸ್ಸಿನ ಎಂಟು-ಒಂಬತ್ತು ಸಾವಿರ, ಎಲ್ಲಾ ಸೇರಿ ಹದಿಮೂರು ಸಾವಿರದ ಹತ್ತಿರ ನಮಗ ಪೆಟ್ಟು. ತಪ್ಪು ನಿಂದು, ಅದು ನೀ ಕೊಡಬೇಕಾಗ್ತದ. ಅದರ ಬದಲಿ ಸೀದಾ ರಿಪೇರೀನೇ ಮಾಡಿಸಿ ಕೊಡು" ಅಂದೆ. ಅವ "ಆಂಟಿ, ನನ್ನ ಬೋನಸ್ ಹೋಗ್ತದಂತ ಅಂದ್ಕೊಂಡಿದ್ದೆ" ಅಂದ. ಥರ್ಡ್ ಪಾರ್ಟಿ ಕ್ಲೇಮಿಗೆ ಅವನ ಬೋನಸ್ ಹೋಗಂಗಿಲ್ಲ, ಬೋನಸ್ ಓನ್ ಡ್ಯಾಮೇಜಿನ ಮಾತಷ್ಟೇ. ಆದ್ರ ಆ ದಾರಿ ಕೋರ್ಟಿನದು ಅಂತ ತಿಳಿಸಿ ಹೇಳಿದೆ. ಅವನ ಏಜೆಂಟನೂ ಫೋನಿನಾಗ ಅದನ್ನೇ ಹೇಳಿದ.

ಹುಡುಗ ಮತ್ತ ಗ್ಯಾರೇಜಿಗೆ ಬಂದು ಚೌಕಾಶಿ ಮಾಡಿದ. ಸೀಳಿದ ಬಂಪರ್ ಬದಲು ಮಾಡೋ ಬದಲಿ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿದ್ರ 1,200 ಸಾಕು ಅಂದ ಮೇಸ್ತ್ರಿ. ಬಂಪರ್ ಹಿಡಿಯೋ ಕಿವಿಗಳು ಮುರದಿರಬಾರದು, ಅಷ್ಟೇ. ಮುರದಿದ್ರ ವೆಲ್ಡಿಂಗ್ ನಿಲ್ಲಂಗಿಲ್ಲ, ಸ್ವಲ್ಪ ದಿನಕ್ಕ ಬಂಪರ್ ಜೋತು ಬೀಳ್ತದ. ನಮ್ಮದರಾಗ ಕಿವಿ ಗಟ್ಟಿ ಇದ್ದವು. ಲೆಕ್ಕ 13,800ಕ್ಕ ಇಳೀತು. ಅವನೇ ಗ್ಯಾರೇಜಿಗೆ ಸೀದಾ ಕೊಟ್ಟ, ನಮ್ಮ ಕೈಗೆ ರೊಕ್ಕ ಬ್ಯಾಡ ಅಂದಿದ್ವಿ. ಒಂದು ಹಾಳಿಯಾಗ ಎರಡೂ ಗಾಡಿ ನಂಬರ್, ತಾರೀಖು, ಬಿಲ್ ಪೂರಾ ಅವ ಕೊಡ್ತಾನಂತ ಬರದು ಇಬ್ಬರೂ ಸಹಿ ಮಾಡಿದ್ವಿ. "ಎಲ್ಲಾ ಮುಗೀತು" ಅನ್ನೋ ಸಾಲು ಗಾಡಿ ಕೈಗೆ ಬಂದ ಮ್ಯಾಲೇ ಬರೀಬೇಕು ಅಂತ ತಮ್ಮ ಹೇಳಿದ್ದ. ಬಂಪರ್ ಬಿಚ್ಚಿದಾಗ ಒಳಗ ಒಂದು ಬ್ರಾಕೆಟ್ ಮಣದದ್ದು ಕಾಣ್ತು. ಇನ್ನೂ 600 ಆತು, ಹುಡುಗ ತಕರಾರಿಲ್ಲದೇ ಕೊಟ್ಟ.

ಈ ಮಾತುಕತಿ ನಡದಾಗ್ಲೂ ನಾವು ನಮ್ಮ ಕಂಪನಿಗೆ ಮೊದಲನೇ ದಿನಾನೇ ತಿಳಿಸಿದ್ವಿ. ತಡ ಮಾಡಿದ್ರ ಆಮ್ಯಾಲೆ ಅದನ್ನೇ ನೆಪ ಮಾಡ್ತಾರ. ಅವರು ನೋಡೋಕಿಂತ ಮೊದಲು ರಿಪೇರಿ ಶುರು ಮಾಡಿದ್ರೂ ಅಷ್ಟೇ. ರೊಕ್ಕ ತಗೊಳ್ಳದೇ ಬಿಟ್ರ ಬೋನಸ್ಸಿಗೆ ಏನಾಗ್ತದ ಅಂತ ಇಮೇಲಿನಾಗ ಕೇಳಿ, ಬೋನಸ್ ಉಳೀತದಂತ ಉತ್ತರ ಬರಹದಾಗ ಬಂದ ಮ್ಯಾಲೇ ಬ್ಯಾಡ ಅಂತ ಬರದು ಕೊಟ್ವಿ. ಹುಡುಗ ಒಪ್ಪದೇ ಇದ್ರ ನಮ್ಮ ಪಾಲಿಸೀನೇ ಆಗ್ತಿತ್ತು. ಗುದ್ದಿದವ ಸಿಗಲಿಲ್ಲ ಅಂದ್ರೂ ಅದೇ. ಬಾಗಿಲೇ ಬದಲು ಮಾಡಬೇಕಾಗಿ ಬಿಲ್ ನಲವತ್ತು ಸಾವಿರ ದಾಟಿದ್ರ ಕ್ಲೇಮ್ ಹಾಕಿ, ನಮ್ಮ ಪೆಟ್ಟಿನ ರೊಕ್ಕ ಅಷ್ಟೇ ಅವನಿಗೆ ಕೇಳ್ತಿದ್ವಿ. ಗ್ಯಾರೇಜಿನ ಒಬ್ಬ ಹುಡುಗ "ರಸ್ತಾದಾಗ ಆಗ್ಯದಂತ ಬರೀರಿ, ಜಲ್ದಿ ಆಗ್ತದ" ಅಂದ. ಅದಕ್ಕ ನಾ ಕಿವಿ ಕೊಡಲಿಲ್ಲ. ಕ್ಯಾಮೆರಾದ ವಿಡಿಯೋ ಇರೋವಾಗ ಸುಳ್ಳು ಬರದ್ರ ಇರೋ ಕ್ಲೇಮೂ ಹೋಗ್ತದ.

ನಾಕನೇ ದಿನ ಗಾಡಿ ಬಂತು. ಬಣ್ಣ ಹೊಂದ್ಯದೋ ಇಲ್ಲೋ ಅಂತ ಗ್ಯಾರೇಜಿನ ಟ್ಯೂಬ್‌ಲೈಟ್ ಕೆಳಗ ನೋಡಬ್ಯಾಡ್ರಿ, ಹೊರಗ ಬಿಸಲಿಗೆ ತರಿಸಿ ಓರೆ ನಿಂತು ನೋಡ್ರಿ. ನಮ್ಮದು ಬಾಗಿಲು ಸರಿ ಅದ, ಬಂಪರ್ ಒಂದು ಎಳ್ಳಷ್ಟು ಮಸಕ. ಪ್ಲಾಸ್ಟಿಕ್ ಮ್ಯಾಲಿನ ಬಣ್ಣ ಹಂಗೇ ಅಂತ ಮೇಸ್ತ್ರಿ ಅಂದ. ಯಜಮಾನ್ರಿಗೆ ಅದು ಕಾಣಂಗಿಲ್ಲ, ನನಗ ಕಾಣ್ತದ.