ಬಿಟ್ರೆ ತಿರ್ಗಾ ಸಿಗಲ್ಲ

ಬಿಟಿಎಸ್ ಅಂದ ತಕ್ಷಣ ಈಗಿನ ಹುಡುಗೀರಿಗೆ ಕೊರಿಯಾದ ಹಾಡೋ ಹುಡುಗ್ರು ನೆನಪಾಗ್ತಾರೆ. ನಮ್ಮ ವಯಸ್ಸಿನೋರಿಗೆ ನೆನಪಾಗೋದು ಸಿಟಿ ಬಸ್ಸು. ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಅನ್ನೋದು ಅದರ ನಿಜವಾದ ಹೆಸರು. 1997ರಲ್ಲಿ ಅದು ಬಿಎಂಟಿಸಿ ಆಯ್ತು. ಆದ್ರೆ ಸ್ಟಾಪಲ್ಲಿ ನಿಂತು ಕಾದೋರೆಲ್ಲ ಅದಕ್ಕಿಟ್ಟಿದ್ದ ಹೆಸರೇ ಬೇರೆ: ‘ಬಿಟ್ರೆ ತಿರ್ಗಾ ಸಿಗಲ್ಲ’. ಯಾರು ಕಟ್ಟಿದ್ದೋ ಏನೋ, ಬಸ್ಸಿನ ಹೆಸರು ಹೋದ್ರೂ ಆ ಮಾತು ಹೋಗ್ಲಿಲ್ಲ.

ನಮ್ಮನೇಲಿ ಈ ಆಟ ತುಂಬಾ ದಿನದಿಂದ ನಡೀತಿದೆ. ಆಡ್ತಾ ಆಡ್ತಾ ಒಂದು ವಿಷಯ ಗೊತ್ತಾಯ್ತು. ಕನ್ನಡದಲ್ಲಿ ಇದನ್ನ ಮೊದಲನೇ ಅಕ್ಷರದಿಂದ ಕಟ್ಟೋಕೆ ಹೋದ್ರೆ ದಾರಿ ಮಧ್ಯದಲ್ಲೇ ನಿಂತುಹೋಗುತ್ತೆ. ನಮ್ಮ ಮಾತಲ್ಲಿ ಕ್ರಿಯಾಪದ ಬರೋದು ಕೊನೇಲಿ ಅಲ್ವಾ, ಅದಕ್ಕೇ ಕೊನೇ ಅಕ್ಷರ ಮೊದಲು ಹಿಡೀಬೇಕು. ಬಿಟಿಎಸ್‌ನಲ್ಲಿ ಕೊನೇಲಿ ಸ. ಸಿಗಲ್ಲ, ಸಾಕು, ಸರಿ, ಎಷ್ಟೊಂದಿವೆ. ‘ಸಿಗಲ್ಲ’ ಅಂತ ಗಂಟು ಹಾಕಿದ್ರೆ ‘ಬಿಟ್ರೆ’ ತಾನಾಗೇ ಬಂದು ಕೂರುತ್ತೆ. ಎಟಿಎಂ ತಗೊಳ್ಳಿ. ಕೊನೇಲಿ ಮ, ಅಂದ್ರೆ ‘ಮುಗೀತು’. ಏನು ಮುಗೀತು? ಸಂಬಳ. ಯಾವಾಗ? ‘ಅರ್ಧ ತಿಂಗ್ಳಿಗೇ ಮುಗೀತು’. ನೋಡಿ, ಎಟಿಎಂ ಆಯ್ತು.

ಟಿ ಬಂದ್ರೆ ಹೆದರಬೇಡಿ, ಅದು ಟ ಕೂಡ ಹೌದು, ತ ಕೂಡ ಹೌದು. ಟಿ. ನರಸೀಪುರದ ಟಿ ಅಂದ್ರೆ ತಿರುಮಕೂಡಲು ತಾನೆ? ಹಾಗೇ ಸಿ ಅನ್ನೋದು ಚ ಆಗುತ್ತೆ, ಸ ಆಗುತ್ತೆ, ಕ ಕೂಡ ಆಗುತ್ತೆ. ಕಷ್ಟ ಕೊಡೋದು ಎಫ್. ಅಚ್ಚ ಕನ್ನಡದ ಯಾವ ಪದವೂ ಅದರಿಂದ ಶುರುವಾಗಲ್ಲ. ಮನೇಲೇ ಕೂತು ಆಫೀಸ್ ಕೆಲಸ ಮಾಡೋ ನನ್ನ ಮಗನಿಗೆ ಡಬ್ಲ್ಯೂಎಫ್‌ಎಚ್ ಅಂದ್ರೆ ‘ವಡೆ, ಫಿಲ್ಟರ್‌ಕಾಫಿ, ಹಾಸಿಗೆ’ ಅಂದೆ. ಫಿಲ್ಟರ್‌ಕಾಫಿ ಎರಡು ಪದ, ಇದು ಮೋಸ ಅಂತ ಅವನು ಇವತ್ತಿಗೂ ಒಪ್ಪಿಲ್ಲ.

ಈಗ ನಮ್ಮತ್ತೆ ವಿಷಯಕ್ಕೆ ಬರ್ತೀನಿ. ಅವರಿಗೆ ಎಂಬತ್ತರ ಮೇಲಾಯ್ತು. ಕನ್ನಡ ಪೇಪರ್ ಪೂರ್ತಿ ಓದ್ತಾರೆ, ಇಂಗ್ಲಿಷ್ ಅಕ್ಷರ ಬರಲ್ಲ. ಬಿಟಿಎಸ್ ತಮಾಷೆ ಅವರಿಗೆ ಅರ್ಥ ಆಗ್ತಿತ್ತು, ಎಟಿಎಂದು ಆಗ್ತಿರ್ಲಿಲ್ಲ. “ಎಟಿಎಂ ಅಂತೀಯ, ಅದ್ರಲ್ಲಿ ಅರ್ಧ ಎಲ್ಲಿಂದ ಬಂತೇ?” ಅನ್ನೋರು. ಯೋಚನೆ ಮಾಡಿದ್ರೆ ಅವರು ಹೇಳೋದು ಸರಿಯಾಗೇ ಇದೆ. ನಾವು ಕಣ್ಣಲ್ಲಿ ಅಕ್ಷರ ನೋಡಿ ಅದಕ್ಕೆ ಅ ಅಂತೀವಿ. ಅವರಿಗೆ ಕಿವಿಗೆ ಬೀಳೋದು ‘ಎ’. ಎಂ, ಎಸ್, ಎಲ್, ಎನ್ ಎಲ್ಲಾ ಅವರ ಕಿವಿಗೆ ಎ ಅಂತಲೇ ಶುರು. ಬಿಟಿಎಸ್‌ನ ಮೊದಲ ಎರಡಕ್ಷರ ಮಾತ್ರ ಕಿವಿಗೂ ಹೊಂದುತ್ತೆ. ಬಿಟ್ರೆಯಲ್ಲಿ ಬಿ ಇದೆ, ತಿರ್ಗಾದಲ್ಲಿ ಟಿಗೆ ಹತ್ತಿರದ ತಿ ಇದೆ. ಅದಕ್ಕೇ ಆ ಮಾತು ಓದಕ್ಕೆ ಬರದೋರ ಬಾಯಲ್ಲೂ ನಿಂತಿದ್ದು ಅನ್ಸುತ್ತೆ.

ಆಮೇಲೆ ಅತ್ತೆಗೋಸ್ಕರ ಕಿವಿಯಿಂದಲೇ ಕಟ್ಟೋಕೆ ಶುರು ಮಾಡಿದ್ವಿ. ಇಎಂಐಗೆ ‘ಇನ್ನೂ ಎಂಟಿದೆ, ಅಯ್ಯೋ!’ ಅಂತ ಮಗಳು ಕಟ್ಟಿದ್ಳು. ಅತ್ತೆ ನಕ್ಕು ನಕ್ಕು ಕಣ್ಣೊರೆಸ್ಕೊಂಡ್ರು. ಅವರಿಗೆ ಎದೆ ನೋವು ಅಂತ ಇಸಿಜಿ ತೆಗೆಸೋಕೆ ಕರ್ಕೊಂಡು ಹೋದಾಗ ಎದೆ ಮೇಲೆ ತಣ್ಣಗೆ ಜೆಲ್ಲು ಹಚ್ಚಿದ್ರು. ಹೆದರಿ ನನ್ನ ಕೈ ಹಿಡ್ಕೊಂಡಿದ್ದೋರು ಹೊರಗೆ ಬರ್ತಾ ತಾವೇ ಹೇಳಿದ್ರು: “ಇದು ಸಿಕ್ಕಾಪಟ್ಟೆ ಜಿಗುಟು.” ಇ, ಸಿ, ಜಿ. ಒಂದಕ್ಷರ ಆಚೀಚೆ ಇಲ್ಲ! ಅವತ್ತಿಂದ ಆ ಪರೀಕ್ಷೆ ಅಂದ್ರೆ ಅವರಿಗೆ ಭಯ ಇಲ್ಲ.

ಇದರಿಂದ ನಿಜವಾಗಿ ಉಪಯೋಗ ಆಗಿದ್ದು ಓಟಿಪಿ ವಿಷಯದಲ್ಲಿ. ಅತ್ತೆಯ ಪೆನ್ಷನ್ ಖಾತೆಗೆ ಅವರದೇ ಫೋನ್ ನಂಬರ್ ಕೊಟ್ಟಿದೆ. ಓಟಿಪಿ ಬಂದ್ರೆ ಯಾರಿಗೂ ಹೇಳಬೇಡಿ ಅಂತ ನೂರು ಸಲ ಹೇಳಿದ್ವಿ. “ಅದೇನು ಅಂತ ಗೊತ್ತಿದ್ರಲ್ವಾ ಹೇಳದೇ ಇರಕ್ಕೆ” ಅಂತಿದ್ರು. ಕೊನೇಗೆ ಮಗಳು ಕಟ್ಟಿದ್ಳು: ‘ಒಬ್ರಿಗೂ ತಿಳಿಸ್ಬೇಡ, ಪಿಶಾಚಿ!’ ಕಿವಿಗೆ ತೂಕ ಹಾಕಿದ ಹಾಗಿದೆ. ಆದ್ರೆ ಅತ್ತೇನ ಪಿಶಾಚಿ ಅಂತ ಕರೆಯೋದು ಹೇಗೆ? ನಾನು ‘ಪುಣ್ಯಾತ್ಗಿತ್ತಿ’ ಅಂತ ಬದಲಾಯಿಸ್ದೆ. ಅತ್ತೆಗೆ ಅದು ಸೇರಲಿಲ್ಲ. “ಪಿಶಾಚಿನೇ ಇರ್ಲಿ ಬಿಡೇ. ಪಿಶಾಚಿ ಅಂದ್ರೆ ನಾನಲ್ಲ, ಕೇಳ್ತಾನಲ್ಲ ಫೋನಲ್ಲಿ, ಅವನು” ಅಂದ್ರು.

ಕೆಲವು ತಿಂಗಳಾದ್ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ನಾನು ಮಹಡಿ ಮೇಲೆ ಹಪ್ಪಳ ಒಣಗಿಸ್ತಿದ್ದೆ. ಯಾವನೋ ಬ್ಯಾಂಕಿಂದ ಅಂತ ಹೇಳಿ, “ಅಜ್ಜಿ, ನಿಮ್ಮ ಕಾರ್ಡ್ ಇವತ್ತೇ ಬಂದ್ ಆಗುತ್ತೆ, ಈಗ ಒಂದು ಮೆಸೇಜ್ ಬರುತ್ತೆ, ಅದರಲ್ಲಿರೋ ಆರು ನಂಬರ್ ಹೇಳಿ” ಅಂದ್ನಂತೆ. ಮೆಸೇಜೂ ಬಂತು. ಅತ್ತೆ ಕನ್ನಡಕ ಹಾಕ್ಕೊಂಡು ಅಂಕಿ ಹುಡುಕ್ತಾ ಇದ್ರು. ಅವನಿಗೆ ಅವಸರ. “ಬೇಗ ಓಟಿಪಿ ಹೇಳಿ ಅಜ್ಜಿ” ಅಂದುಬಿಟ್ಟ. ಆ ಮಾತು ಕಿವಿಗೆ ಬಿದ್ದಿದ್ದೇ ತಡ, ಅತ್ತೆ “ಒಬ್ರಿಗೂ ತಿಳಿಸ್ಬೇಡ, ಪಿಶಾಚಿ!” ಅಂತ ಜೋರಾಗಿ ಹೇಳಿ ಫೋನ್ ಇಟ್ರು. ಮೇಲಿದ್ದ ನನಗೂ ಕೇಳಿಸ್ತು. ಕೆಳಗೆ ಓಡಿ ಬಂದು ನೋಡಿದ್ರೆ ಆರು ಅಂಕಿ ಮೆಸೇಜ್ ಹಾಗೇ ಇತ್ತು, ದುಡ್ಡೂ ಇತ್ತು. ನಂಬರ್ ಹೇಳಿದ್ದಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕಿತ್ತು. ತಡ ಮಾಡಿದಷ್ಟೂ ದುಡ್ಡು ಕೈಗೆ ಸಿಗೋದು ಕಷ್ಟ.

ಒಂದು ಗಮನಿಸಿ. ಆ ಫೋನಲ್ಲಿ ಅವನು ಓಟಿಪಿ ಅನ್ನೋ ಮಾತೇ ಆಡದೆ ‘ಆರು ನಂಬರ್’ ಅಂತಲೇ ಕೇಳ್ತಾ ಇದ್ದಿದ್ರೆ ಅತ್ತೆಗೆ ನೆನಪಾಗ್ತಿರ್ಲಿಲ್ಲ. ಅದಕ್ಕೇ ಈಗ “ಮೆಸೇಜಲ್ಲಿ ಬರೋ ನಂಬರ್ರೇ ಓಟಿಪಿ” ಅಂತ ಅದನ್ನೂ ಸೇರಿಸಿ ಹೇಳ್ಕೊಟ್ಟಿದ್ದೀವಿ. ತಮಾಷೆ ಪದ ನೆನಪಿಸುತ್ತೆ, ಯಾವುದಕ್ಕೆ ಅಂತ ಬೇರೆ ಹೇಳಲೇಬೇಕು.

ಇನ್ನು ಕೆಲವಕ್ಕೆ ನಾನು ತಮಾಷೆ ಕಟ್ಟಲ್ಲ. ಮಾತ್ರೆ ಹೆಸರಿಗೆ ಖಂಡಿತ ಇಲ್ಲ, ಡಾಕ್ಟರ್ ಕೇಳಿದಾಗ ಅತ್ತೆ ಬಾಯಲ್ಲಿ ನಿಜವಾದ ಹೆಸರೇ ಬರಬೇಕು. ಬಿಪಿಗೆ ‘ಬಾಯಿಗೆ ಪಥ್ಯ’ ಅಂದ್ರೆ ತೊಂದ್ರೆ ಇಲ್ಲ, ಉಪ್ಪಿನಕಾಯಿ ಭರಣಿ ಹತ್ರ ಹೋದಾಗ ನೆನಪಾಗುತ್ತೆ. ಜನರ ಇನಿಷಿಯಲ್ಲಿಗೂ ಕಟ್ಟಲ್ಲ. ನಗೋರು ಹತ್ತು ಜನ ಇದ್ರೂ ಆ ಹೆಸರಿನೋರು ಒಬ್ರೇ ಅಲ್ವಾ, ಅವರಿಗೆ ಚುಚ್ಚುತ್ತೆ. ಬಿಟಿಎಂ ಲೇಔಟಿಗೂ ಬೇಡ. ಅದು ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರು ಊರಿನ ಹೆಸರು. ಇದನ್ನ ಹೇಳಿದ್ರೆ ನನ್ನ ನಾದಿನಿ ಮಗಳು ನಾನೇ ಕಟ್ಟಿದ್ದು ಅಂದ್ಕೊಂಡ್ಳು!

ಅತ್ತೆ ಈಗ ಜಿಎಸ್‌ಟಿ ಹಿಡ್ಕೊಂಡಿದ್ದಾರೆ. ‘ಜೀರ್ಗೆ, ಸಾಸ್ವೆ ತುಟ್ಟಿ’ ಅಂತ ನಾನಂದೆ. ಎಸ್‌ಗೆ ಸಾಸ್ವೆ ಒಪ್ಪಲ್ಲ, ಎ ಬರಬೇಕು ಅಂತಾರೆ. ಜೀರ್ಗೆ, ಎಳ್ಳು ತುಟ್ಟಿ ಅಂತೆ.