ಚಿತ್ರದ ಕೆಳಗಿನ ಸಾಲು

ಕಳೆದ ತಿಂಗಳು ಕೆಂಕೆರೆಗೆ ಹೋಗಿದ್ದಾಗ ಅಕ್ಕನ ಮಗ ತನ್ನ ಮೊಬೈಲಿನಲ್ಲಿ ಎರಡು ಭಾವಚಿತ್ರಗಳನ್ನು ತೋರಿಸಿ, “ಮಾವ, ಇದರ ಕೆಳಗೆ ಒಂದು ಸಾಲು ಬರೆದುಕೊಡಿ. ಜಂಭ ಅನ್ನಿಸಬಾರದು” ಎಂದ. ತಿಪಟೂರಿನಲ್ಲಿ ಓದುವ ಆತ ಅಲ್ಲಿನ ಜಿಮ್ಮಿಗೆ ಹತ್ತು ತಿಂಗಳು ಹೋಗಿ, ೯೧ ಕಿಲೋದಿಂದ ೭೯ಕ್ಕೆ ಇಳಿದಿದ್ದ. ಶಾಲೆಯಲ್ಲಿ ಅವನನ್ನು ‘ಗುಡಾಣ’ ಎಂದು ಕೂಗುತ್ತಿದ್ದವರೆಲ್ಲ ಚಿತ್ರವನ್ನು ನೋಡಬೇಕು. ಅವರಿಗಾಗಿಯೇ ಹಾಕಿದ್ದೆಂದು ಮಾತ್ರ ತಿಳಿಯಬಾರದು. ಕನ್ನಡ ಎಂ.ಎ. ಮಾಡಿದವನಿಗೆ ಇಂಥ ಪ್ರಶ್ನೆಪತ್ರಿಕೆ ಬಂದದ್ದು ಇದೇ ಮೊದಲು!

ಅವನು ಬರೆದುಕೊಂಡಿದ್ದ ಸಾಲು, “ಹನ್ನೆರಡು ಕಿಲೋ ಇಳಿಸಿದೆ.” ‘ನಾನು’ ಎಂಬ ಪದವಿಲ್ಲ, ನಿಜ. ಆದರೆ ನಮ್ಮ ಭಾಷೆಯಲ್ಲಿ ‘ನಾನು’ವನ್ನು ಬಾಗಿಲಿನಿಂದ ಅಟ್ಟಿದರೂ ಕ್ರಿಯಾಪದದ ಕೊನೆಯಲ್ಲಿ ಅದು ಬಂದು ಕುಳಿತಿರುತ್ತದೆ. ಜೊತೆಗೆ ಆ ‘ಇಸು’ ಪ್ರತ್ಯಯ ಬೇರೆ, ಮಾಡಿದವನನ್ನೇ ಮುಂದೆ ತಂದು ನಿಲ್ಲಿಸುತ್ತದೆ. ಅದನ್ನು ತೆಗೆದು “ಹನ್ನೆರಡು ಕಿಲೋ ಇಳಿದಿದೆ” ಎಂದು ತಿದ್ದಿದೆ. ಅಡುಗೆಮನೆಯಿಂದ ಅಕ್ಕ, “ಹಾಗೆ ಬರೆದರೆ ಸಕ್ಕರೆ ಕಾಯಿಲೆಯೇನೋ ಅಂತ ಊರವರು ಮನೆಗೇ ಬರ್ತಾರೆ ಕಣೋ” ಎಂದಳು. ಅವಳ ಮಾತೇ ಸರಿ. ಜಂಭದೊಡನೆ ಹುಡುಗನ ಬೆವರೂ ಅಳಿಸಿಹೋಗಿತ್ತು.

“ಏನೋ ನನ್ನ ಅಲ್ಪ ಪ್ರಯತ್ನ” ಎಂದರೆ ಹೇಗೆಂದು ಅವನು ಕೇಳಿದ. ಅದು ಇನ್ನೂ ಕೆಟ್ಟದ್ದು. ಅಷ್ಟಗಲದ ಎದೆಯ ಕೆಳಗೆ ‘ಅಲ್ಪ’ ಎಂದು ಬರೆದರೆ, ಓದುವವನು ಬಾಯಿಬಿಟ್ಟು “ಅಲ್ಪವೇನಲ್ಲ ಬಿಡಪ್ಪ” ಎನ್ನಲೇಬೇಕಾಗುತ್ತದೆ. ಹೊಗಳಿಕೆಯನ್ನು ಬೇಡಿ ಪಡೆದಂತೆ.

ಆಮೇಲೆ ಚಿತ್ರಗಳನ್ನೇ ದಿಟ್ಟಿಸಿದೆ. ಮೊದಲನೆಯದು ರಾತ್ರಿ ಊಟವಾದ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಭುಜ ಇಳಿಬಿಟ್ಟು ತೆಗೆದದ್ದು. ಎರಡನೆಯದು ತೋಟದಲ್ಲಿ, ಸಂಜೆಯ ಓರೆ ಬಿಸಿಲಿನಲ್ಲಿ, ಉಸಿರು ಬಿಗಿಹಿಡಿದು. ಓರೆ ಬೆಳಕಿನ ನೆರಳು ಇಲ್ಲದ ಮಾಂಸಖಂಡವನ್ನೂ ಕಡೆದು ತೋರಿಸುತ್ತದೆ. ಚಿತ್ರವೇ ಹೀಗೆ ಕೂಗುತ್ತಿರುವಾಗ ಕೆಳಗಿನ ಸಾಲು ಪಿಸುಗುಟ್ಟಿ ಏನು ಫಲ? ಆ ರಾತ್ರಿ ಅದೇ ಗೋಡೆಯ ಮುಂದೆ, ಅದೇ ದೀಪದ ಕೆಳಗೆ, ಊಟವಾದ ಮೇಲೆಯೇ ಅವನನ್ನು ನಿಲ್ಲಿಸಿದೆ, ಉಸಿರು ಬಿಡಿಸಿದೆ. ವ್ಯತ್ಯಾಸ ಸ್ವಲ್ಪ ಕುಗ್ಗಿತು. ಉಳಿದದ್ದನ್ನು ಯಾರೂ ಅನುಮಾನಿಸುವಂತಿರಲಿಲ್ಲ. ಹುಡುಗನ ಮುಖ ಮಾತ್ರ ಕೊಂಚ ಬಾಡಿತು.

ಅಷ್ಟರಲ್ಲಿ ಅಕ್ಕ ಅಟ್ಟ ಹತ್ತಿ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದಳು. ನಮ್ಮ ಸೀಮೆಯಲ್ಲಿ ಬಲಿತ ಕಾಯಿಯನ್ನು ಸಿಪ್ಪೆಯೊಡನೆಯೇ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷದ ತನಕ ಬಿಟ್ಟಿರುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾದಾಗ ಗಡಗಡ ಸದ್ದು ಬರುತ್ತದೆ. ಕಾಯಿ ಹಗುರವಾಗಿರುತ್ತದೆ, ಬೆಲೆ ಏರಿರುತ್ತದೆ. ನಾನು ಬರೆದುಕೊಟ್ಟೆ:

“ಅಟ್ಟಕ್ಕೆ ಹಾಕಿ ಹತ್ತು ತಿಂಗಳು.”

ಕಿಲೋ ಲೆಕ್ಕವಿಲ್ಲ, ಕರ್ತೃಪದವೂ ಇಲ್ಲ, ಪಟ್ಟ ಕಾಲ ಮಾತ್ರ ಇದೆ. ಬೆಂಗಳೂರಿನ ಗೆಳೆಯರು ಯಾವ ಅಟ್ಟವೆಂದು ಕೇಳಿದರಂತೆ. ‘ಗುಡಾಣ’ ಎನ್ನುತ್ತಿದ್ದವರಲ್ಲೊಬ್ಬ ಮರುದಿನ ಬರೆದಿದ್ದ: “ಅಲ್ಲಾಡಿಸಿದರೆ ಸದ್ದು ಬರುತ್ತೇನೋ?”

“ಏನು ಉತ್ತರ ಕೊಡಲಿ, ಮಾವ?” ಎಂದು ಹುಡುಗ ನಗುತ್ತ ಫೋನು ಮಾಡಿದ. ಬಸ್ಸಿನಲ್ಲಿದ್ದೆ, ಸರಿಯಾಗಿ ಕೇಳಿಸಲಿಲ್ಲವೆಂದು ಎರಡು ಸಲ ಓದಿಸಿದೆ.